ಪಾಕದಲ್ಲಿ ಇನ್ನೆಷ್ಟು ನೀರು ಉಳಿದಿದೆ? ಉಂಡೆ ಪಾಕದಿಂದ ಚಿಕ್ಕಿ ಪಾಕದವರೆಗೆ

ಅರ್ಧ ಕೆಜಿ ಸಕ್ಕರೆಗೆ 200 ಎಂಎಲ್ ನೀರು ಹಾಕಿ ಒಲೆ ಮೇಲಿಡಿ. ಸಕ್ಕರೆ ಕರಗಿ ಕುದಿ ಬಂದಾಗ ಥರ್ಮಾಮೀಟರ್ ಅದ್ದಿ ನೋಡಿದರೆ 100 ಡಿಗ್ರಿ ಇರೋದಿಲ್ಲ, ಆಗಲೇ 104ರ ಹತ್ತಿರ ಇರುತ್ತದೆ. ಬರೀ ನೀರಾದರೆ ಎಷ್ಟು ಹೊತ್ತು ಕುದಿಸಿದರೂ, ಉರಿ ಎಷ್ಟು ಜೋರು ಮಾಡಿದರೂ 100 ದಾಟುವುದಿಲ್ಲ. ಪಾಕ ಮಾತ್ರ ಕುದಿಯುತ್ತಲೇ ಮೇಲೇರುತ್ತದೆ. 105, 110, 115, ಹಾಗೇ ಬಿಟ್ಟರೆ 150.

ಇದಕ್ಕೆ ಕಾರಣ ಸರಳ. ನೀರಿನಲ್ಲಿ ಸಕ್ಕರೆ ಕರಗಿದ್ದಷ್ಟೂ ಆ ನೀರು ಆವಿಯಾಗುವುದು ಕಷ್ಟವಾಗುತ್ತದೆ, ಕುದಿಯಲು ಹೆಚ್ಚು ಬಿಸಿ ಬೇಕಾಗುತ್ತದೆ. ಕುದಿಯುವಾಗ ಹೋಗುವುದು ನೀರು ಮಾತ್ರ, ಸಕ್ಕರೆ ಪಾತ್ರೆಯಲ್ಲೇ ಉಳಿಯುತ್ತದೆ. ಹಾಗಾಗಿ ಪಾಕ ನಿಮಿಷ ನಿಮಿಷಕ್ಕೂ ಮಂದವಾಗುತ್ತದೆ, ಅದರ ಕುದಿಯುವ ಬಿಂದುವೂ ಏರುತ್ತದೆ. ಅಂದರೆ ಥರ್ಮಾಮೀಟರ್ ತೋರಿಸುವ ಅಂಕಿಯಿಂದ ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅಂತ ಲೆಕ್ಕ ಹಾಕಬಹುದು. ನಮ್ಮ ಅಜ್ಜಿಯರು ಬೆರಳಲ್ಲಿ ಎಳೆ ಹಿಡಿದು ನೋಡುತ್ತಿದ್ದದ್ದೂ ಇದನ್ನೇ. ಸಿಹಿ ಮೆತ್ತಗಾಗುತ್ತದಾ, ಹಲ್ಲಿಗೆ ಅಂಟುತ್ತದಾ, ಕಟಕಟ ಮುರಿಯುತ್ತದಾ ಅನ್ನೋದು ಬಹುಪಾಲು ಈ ಉಳಿದ ನೀರಿನ ಮೇಲೆ ನಿಂತಿದೆ.

ನಮ್ಮ ಅರ್ಧ ಕೆಜಿ ಸಕ್ಕರೆಯನ್ನೇ ಹಿಂಬಾಲಿಸೋಣ. ಕೆಳಗಿನ ಅಂಕಿಗಳೆಲ್ಲ ಸಮುದ್ರ ಮಟ್ಟದಲ್ಲಿರುವ ಊರಿಗೆ, ಅಂದರೆ ಮಂಗಳೂರು ಕಾರವಾರದ ಅಡುಗೆಮನೆಗೆ ಹೊಂದುವಂಥವು. ಬೆಂಗಳೂರಿನವರು ಸ್ವಲ್ಪ ತಾಳಿ, ನಿಮ್ಮ ಲೆಕ್ಕ ಬೇರೆ ಇದೆ.

105ರ ಆಸುಪಾಸಿನಲ್ಲಿ ಒಂದೆಳೆ ಪಾಕ. ಒಂದು ಹನಿಯನ್ನು ತಟ್ಟೆಗೆ ಬಿಟ್ಟು, ಸ್ವಲ್ಪ ಆರಿದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಡಿಸಿದರೆ ಎಳೆ ಬರುತ್ತದೆ. ಮೈಸೂರು ಪಾಕಿಗೆ ಕಡಲೆಹಿಟ್ಟು ಬೀಳುವುದು ಇಲ್ಲಿ. ಇದು ಎಲ್ಲರಿಗೂ ಗೊತ್ತಿರೋ ಘಟ್ಟ, ಇಲ್ಲಿ ಹೆಚ್ಚು ನಿಲ್ಲುವುದಿಲ್ಲ. ಬೆರಳ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುವುದೂ ಇಲ್ಲಿಯವರೆಗೇ. ಇದರಾಚೆಗೆ ಬೇಕಾದದ್ದು ಒಂದು ಬಟ್ಟಲು ತಣ್ಣೀರು.

112ರಿಂದ 116 ಡಿಗ್ರಿ ಉಂಡೆ ಪಾಕ. ಇಂಗ್ಲಿಷ್ ಪಾಕವಿಧಾನಗಳು ಸಾಫ್ಟ್ ಬಾಲ್ ಅನ್ನುವುದು ಇದನ್ನೇ. ಅರ್ಧ ಚಮಚ ಪಾಕವನ್ನು ತಣ್ಣೀರಿಗೆ ಬಿಟ್ಟು, ನೀರಿನೊಳಗೇ ಬೆರಳಿನಿಂದ ಒಟ್ಟುಮಾಡಿದರೆ ಮೆತ್ತನೆ ಉಂಡೆಯಾಗುತ್ತದೆ. ಹೊರಗೆ ತೆಗೆದು ಬೆರಳ ಮೇಲಿಟ್ಟರೆ ನಿಧಾನಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಈಗ ಪಾಕದಲ್ಲಿ ಸಕ್ಕರೆ ಸುಮಾರು 85 ಭಾಗ, ನೀರು 15. ಅಂದರೆ ನಾವು ಹಾಕಿದ 200 ಗ್ರಾಂ ನೀರಿನಲ್ಲಿ 88 ಗ್ರಾಂ ಉಳಿದಿದೆ. ಕಜ್ಜಾಯಕ್ಕೆ ಬೆಲ್ಲದ ಪಾಕ ಹಿಡಿಯುವಾಗ ನೀರಿಗೆ ಬಿಟ್ಟು ನೋಡುವುದು ಇದೇ ಉಂಡೆಯನ್ನು. ಇದಕ್ಕಿಂತ ಕಡಿಮೆಯಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದು ಚದುರುತ್ತದೆ, ಜಾಸ್ತಿಯಾದರೆ ಗಟ್ಟಿಯಾಗುತ್ತದೆ.

ಇನ್ನು ಮೂರ್ನಾಲ್ಕು ಡಿಗ್ರಿ ಏರಿ 118ರಿಂದ 120ಕ್ಕೆ ಬಂದರೆ ಅದೇ ಉಂಡೆ ಹೊರಗೆ ತೆಗೆದ ಮೇಲೂ ದುಂಡಗೇ ನಿಲ್ಲುತ್ತದೆ. ಒತ್ತಿದರೆ ಮಾತ್ರ ಅಮುಕುತ್ತದೆ. ಇದು ಫರ್ಮ್ ಬಾಲ್. 121ರಿಂದ 130ರೊಳಗೆ ಹಾರ್ಡ್ ಬಾಲ್, ನಮ್ಮಲ್ಲಿ ಗಟ್ಟಿ ಉಂಡೆ ಪಾಕ. ನೀರಿನಲ್ಲಿ ಆದ ಉಂಡೆಯನ್ನು ಸ್ಟೀಲ್ ತಟ್ಟೆಗೆ ಎಸೆದರೆ ಟಣ್ ಅನ್ನುತ್ತದೆ. ಪುರಿ ಉಂಡೆ ಕಟ್ಟುವವರು ಕಾಯುವುದು ಈ ಸದ್ದಿಗಾಗಿ. ಇಲ್ಲಿ ಸಕ್ಕರೆ 92 ಭಾಗ, ಉಳಿದ ನೀರು 43 ಗ್ರಾಂ.

132ರಿಂದ 143 ಸಾಫ್ಟ್ ಕ್ರ್ಯಾಕ್. ಈಗ ನೀರಿಗೆ ಬಿಟ್ಟ ಪಾಕ ಉಂಡೆಯಾಗುವುದಿಲ್ಲ, ಗಟ್ಟಿ ಎಳೆಗಳಾಗುತ್ತದೆ. ಎಳೆ ಹಿಡಿದರೆ ಸ್ವಲ್ಪ ಬಗ್ಗಿ ಆಮೇಲೆ ಮುರಿಯುತ್ತದೆ. ನೀರು 26 ಗ್ರಾಂ. ಕೊನೆಗೆ 146ರಿಂದ 154, ಹಾರ್ಡ್ ಕ್ರ್ಯಾಕ್. ಎಳೆ ಬಗ್ಗುವುದೇ ಇಲ್ಲ, ಪಟ್ ಅಂತ ಮುರಿಯುತ್ತದೆ. ಸಕ್ಕರೆ 99 ಭಾಗ. ಅರ್ಧ ಕೆಜಿ ಸಕ್ಕರೆಯಲ್ಲಿ ಈಗ ಉಳಿದಿರುವುದು ಬರೀ 5 ಗ್ರಾಂ ನೀರು, ಒಂದು ಟೀ ಚಮಚದಷ್ಟು. ಚಿಕ್ಕಿ, ಪಾರದರ್ಶಕ ಪೆಪ್ಪರಮಿಂಟುಗಳೆಲ್ಲ ಇಲ್ಲಿ ಹುಟ್ಟುತ್ತವೆ.

ಆ ನೀರಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ: 200, 88, 43, 26, 5. ಉಂಡೆ ಪಾಕಕ್ಕೆ ಬರುವಷ್ಟರಲ್ಲಿ 112 ಗ್ರಾಂ ನೀರು ಹೋಗಬೇಕು, ಆದರೆ ಥರ್ಮಾಮೀಟರ್ ಏರುವುದು ಹತ್ತೇ ಡಿಗ್ರಿ ಆಸುಪಾಸು. ಅದಕ್ಕೇ ಆರಂಭದಲ್ಲಿ ಪಾಕ ಎಷ್ಟು ಹೊತ್ತಾದರೂ ಬರಲಿಲ್ಲ ಅನ್ನಿಸುತ್ತದೆ. ಗಟ್ಟಿ ಉಂಡೆಯಿಂದ ಚಿಕ್ಕಿ ಪಾಕಕ್ಕೆ ಹೋಗಲು 38 ಗ್ರಾಂ ನೀರು ಹೋದರೆ ಸಾಕು, ಅಷ್ಟರಲ್ಲಿ 25 ಡಿಗ್ರಿ ಏರಿಬಿಡುತ್ತದೆ. ಕೊನೆಯ ಘಟ್ಟಗಳು ಒಂದರ ಮೇಲೊಂದು ಓಡಿಬರುತ್ತವೆ. ಬಾಗಿಲಲ್ಲಿ ಯಾರೋ ಕರೆದರು ಅಂತ ಹೋಗಿ ಬರುವಷ್ಟರಲ್ಲಿ ಪಾಕ ಕೆಂಪಾಗುವುದು ಇದಕ್ಕೇ. 115 ದಾಟಿದ ಮೇಲೆ ಉರಿ ಸಣ್ಣ ಮಾಡಿ, ಅಲ್ಲೇ ನಿಲ್ಲಬೇಕು.

ಈ ಲೆಕ್ಕದಿಂದ ಇನ್ನೆರಡು ವಿಷಯ ತಾನಾಗಿ ಹೊರಬೀಳುತ್ತವೆ. ಮೊದಲಿಗೆ ಎಷ್ಟು ನೀರು ಹಾಕಿದಿರಿ ಅನ್ನೋದು ಕೊನೆಯ ಪಾಕವನ್ನು ಬದಲಿಸುವುದಿಲ್ಲ. 200ರ ಬದಲು 300 ಎಂಎಲ್ ಹಾಕಿದರೂ 115 ಡಿಗ್ರಿಯಲ್ಲಿ ಅದೇ 88 ಗ್ರಾಂ ಉಳಿಯುತ್ತದೆ, ಸುಮ್ನೆ ಕುದಿಸುವ ಹೊತ್ತು ಹೆಚ್ಚು. ಹಾಗಂತ ನೀರು ತೀರಾ ಕಡಿಮೆ ಹಾಕಬಾರದು, ಸಕ್ಕರೆ ಪೂರ್ತಿ ಕರಗುವ ಮೊದಲೇ ತಳ ಹಿಡಿದೀತು. ಎರಡನೆಯದು, ಪಾಕ ಮಿತಿ ಮೀರಿದರೆ ಎಸೆಯಬೇಕಿಲ್ಲ. ಬಣ್ಣ ತಿರುಗದೆ ಬಿಳಿಯಾಗೇ ಇದ್ದರೆ ಒಂದೆರಡು ಸೌಟು ಬಿಸಿನೀರು ಹಾಕಿ, ಪೂರ್ತಿ ಕರಗಿಸಿ, ಮತ್ತೆ ಕುದಿಸಿದರಾಯಿತು. ಹೋದ ನೀರನ್ನು ವಾಪಸ್ ಕೊಟ್ಟಂತೆ. ಪಾಕ ಕಂದಾದ ಮೇಲೆ ಈ ಉಪಾಯ ನಡೆಯುವುದಿಲ್ಲ. ಆಗ ಬದಲಾಗಿರುವುದು ಸಕ್ಕರೆಯೇ. ನೀರು ಹಾಕಿದರೆ ಕ್ಯಾರಮೆಲ್ ತೆಳ್ಳಗಾಗುತ್ತದೆ, ಸಕ್ಕರೆ ಪಾಕ ಮರಳಿ ಬರುವುದಿಲ್ಲ. ಮರೆಯುವ ಮುನ್ನ ಒಂದು ಮಾತು: ನೀರು ಹಾಕುವಾಗ ದೂರ ನಿಂತು, ಸ್ವಲ್ಪ ಸ್ವಲ್ಪವೇ ಹಾಕಿ. 150 ಡಿಗ್ರಿಯ ಪಾಕಕ್ಕೆ ಬಿದ್ದ ನೀರು ತಕ್ಷಣ ಆವಿಯಾಗಿ ಪಾಕವನ್ನು ಎರಚುತ್ತದೆ. ಪಾಕ ಚರ್ಮಕ್ಕೆ ಬಿದ್ದರೆ ಜಾರಿ ಹೋಗುವುದಿಲ್ಲ, ಅಲ್ಲೇ ಅಂಟಿಕೊಂಡು ಸುಡುತ್ತದೆ.

ಈಗ ಬೆಂಗಳೂರಿನವರ ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಸ್ವಲ್ಪ ಮೇಲಿದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇಳಿದು, ಬೆಂಗಳೂರಿನಲ್ಲಿ ನೀರು ಕುದಿಯುವುದು 97ರಲ್ಲಿ. ಮಡಿಕೇರಿಯಲ್ಲಿ 96ರ ಹತ್ತಿರ. ಪಾಕದ ಎಲ್ಲ ಘಟ್ಟಗಳೂ ಅಷ್ಟೇ ಕೆಳಗಿಳಿಯುತ್ತವೆ. ಬೆಂಗಳೂರಿನಲ್ಲಿ ಉಂಡೆ ಪಾಕ ಅಂದರೆ 109ರಿಂದ 113. ಪಾಕವಿಧಾನದಲ್ಲಿ 115 ಅಂತ ಬರೆದಿದೆ ಅಂತ ನೀವೂ 115ರವರೆಗೆ ಕಾದರೆ, ಅದು ಮಂಗಳೂರಿನ 118ಕ್ಕೆ ಸಮ. ಮೆತ್ತನೆ ಉಂಡೆಯ ಘಟ್ಟ ದಾಟಿ ಮುಂದಿನದಕ್ಕೆ ಬಂದಿರುತ್ತೀರಿ. ಅಂಕಿ ಸರಿಯಾಗಿತ್ತು, ಸಿಹಿ ಮಾತ್ರ ಗಟ್ಟಿಯಾಯಿತು ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಈ ಮೂರು ಡಿಗ್ರಿಯೇ ಇರುತ್ತದೆ.

ನಿಮ್ಮ ಊರಿನ ಎತ್ತರ ಹುಡುಕುವ ಗೋಜು ಬೇಡ. ಪಾಕ ಇಡುವ ಮುಂಚೆ ಒಂದು ಪಾತ್ರೆಯಲ್ಲಿ ಬರೀ ನೀರು ಕುದಿಸಿ, ಥರ್ಮಾಮೀಟರ್ ಅದ್ದಿ ನೋಡಿ. 97 ತೋರಿಸಿದರೆ ಪಾಕವಿಧಾನದ ಪ್ರತಿ ಅಂಕಿಯಿಂದ 3 ಕಳೆಯಿರಿ. 95 ತೋರಿಸಿದರೆ 5 ಕಳೆಯಿರಿ. ಅಗ್ಗದ ಥರ್ಮಾಮೀಟರುಗಳು ಒಂದೆರಡು ಡಿಗ್ರಿ ತಪ್ಪು ಹೇಳುವುದು ಮಾಮೂಲು. ಈ ಒಂದು ಪರೀಕ್ಷೆಯಲ್ಲಿ ಊರಿನ ಎತ್ತರ ಮತ್ತು ಥರ್ಮಾಮೀಟರಿನ ತಪ್ಪು ಎರಡೂ ಒಟ್ಟಿಗೆ ಸರಿಹೋಗುತ್ತವೆ. ಅದ್ದುವಾಗ ತುದಿ ಪಾಕದೊಳಗೆ ಚೆನ್ನಾಗಿ ಮುಳುಗಿರಬೇಕು, ತಳಕ್ಕೆ ತಾಗಬಾರದು. ತಳ ಪಾಕಕ್ಕಿಂತ ಬಿಸಿ ಇರುತ್ತದೆ. ಅಗಲ ಬಾಣಲೆಯಲ್ಲಿ 100 ಗ್ರಾಂ ಸಕ್ಕರೆ ಹಾಕಿದರೆ ತುದಿ ಮುಳುಗುವಷ್ಟು ಪಾಕವೇ ಇರುವುದಿಲ್ಲ. ಅಂಥ ಹೊತ್ತಲ್ಲಿ ಥರ್ಮಾಮೀಟರ್ ಪಕ್ಕಕ್ಕಿಟ್ಟು ತಣ್ಣೀರಿನ ಬಟ್ಟಲನ್ನು ನಂಬುವುದು ವಾಸಿ. ತಣ್ಣೀರು ಊರಿನ ಎತ್ತರ ಕೇಳುವುದಿಲ್ಲ. ಪರೀಕ್ಷೆ ಮಾಡುವಷ್ಟು ಹೊತ್ತು ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸುವುದನ್ನು ಮಾತ್ರ ಮರೆಯಬೇಡಿ. ನೀವು ಉಂಡೆ ಒತ್ತಿ ನೋಡುವಷ್ಟರಲ್ಲಿ ಪಾಕ ಮುಂದಿನ ಘಟ್ಟಕ್ಕೆ ಹೋಗಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ನೀರಿನ ಕಥೆ. ಪಾಕ ಕೆಡುವುದಕ್ಕೆ ಇನ್ನೊಂದು ದಾರಿ ಇದೆ, ಅದು ಹರಳು ಕಟ್ಟುವುದು. ಉಂಡೆ ಪಾಕದಲ್ಲಿ 88 ಗ್ರಾಂ ನೀರಿನಲ್ಲಿ 500 ಗ್ರಾಂ ಸಕ್ಕರೆ ಕರಗಿ ಕೂತಿರುತ್ತದೆ ಅಂದೆ ಅಲ್ವಾ? ಬಿಸಿಯಿದ್ದಾಗ ಅದು ಸಾಧ್ಯ. ಆದರೆ ಕೋಣೆಯ ಬಿಸಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನಷ್ಟೇ ಕರಗಿಸಿ ಇಟ್ಟುಕೊಳ್ಳಬಲ್ಲದು. ಆ ಲೆಕ್ಕದಲ್ಲಿ ಪಾಕ ಆರಿದಾಗ 300 ಗ್ರಾಮಿಗೂ ಹೆಚ್ಚು ಸಕ್ಕರೆ ಹೊರಬರಲು ಕಾಯುತ್ತಿರುತ್ತದೆ. ಒಂದು ಹರಳು ಸಿಕ್ಕರೆ ಸಾಕು, ಅದಕ್ಕೆ ಅಂಟಿಕೊಂಡು ಉಳಿದದ್ದೆಲ್ಲ ಹರಳಾಗುತ್ತದೆ. ಪಾತ್ರೆಯ ಅಂಚಿನಲ್ಲಿ ಒಣಗಿ ಕೂತ ಸಕ್ಕರೆ ಕಾಳು ಒಳಗೆ ಬಿದ್ದರೂ ಆಗುತ್ತದೆ, ಸೌಟಿನಿಂದ ಕಲಕಿದರೂ ಆಗುತ್ತದೆ.

ಇದು ಕೆಲವೊಮ್ಮೆ ನಮಗೆ ಬೇಕಾದದ್ದೇ. ಸಂಕ್ರಾಂತಿಯ ಸಕ್ಕರೆ ಅಚ್ಚು ಪೂರ್ತಿ ನಿಂತಿರುವುದು ಹರಳಿನ ಮೇಲೆ. ಸಕ್ಕರೆ ಪಾಕಕ್ಕೆ ಸ್ವಲ್ಪ ಹಾಲು ಹಾಕಿ ಕುದಿಸಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸುತ್ತಾರೆ. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಸಣ್ಣ ಪಾತ್ರೆಗೆ ಹಾಕಿ, ಕಾಯಿಸಿ, ಬಿಡದೆ ತಿರುವುತ್ತಾರೆ. ತಿರುವುತ್ತಿದ್ದಂತೆ ತಿಳಿಯಾಗಿದ್ದ ಪಾಕ ಮಸುಕಾಗಿ ಬೆಳ್ಳಗಾಗುತ್ತದೆ. ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಟ್ಟಿಗೆ ಹುಟ್ಟುತ್ತಿರುವ ಗುರುತು ಅದು. ಆ ಕ್ಷಣದಲ್ಲಿ ನೀರಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ಸುರಿಯಬೇಕು. ಮೊದಲೇ ಸುರಿದರೆ ಅಚ್ಚು ಗಟ್ಟಿಯಾಗುವುದಿಲ್ಲ, ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಸಣ್ಣ ಪ್ರಮಾಣದಲ್ಲಿ ಮಾಡುವುದೇ ಇದಕ್ಕೆ. ಒಂದೇ ಸಲ ಒಂದು ಕೆಜಿ ತಿರುವಿದರೆ ಹತ್ತು ಅಚ್ಚು ತುಂಬುವಷ್ಟರಲ್ಲಿ ಉಳಿದದ್ದು ಹೋಯಿತು.

ಚಿಕ್ಕಿಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಒಂದು ಹರಳೂ ಇರಬಾರದು. ಹಾರ್ಡ್ ಕ್ರ್ಯಾಕ್ ಪಾಕ ಆರಿದಾಗ ಆಗುವ ವಸ್ತು ನಿಜವಾದ ಅರ್ಥದಲ್ಲಿ ಗಾಜು. ಸಕ್ಕರೆ ಅಣುಗಳು ಸಾಲಾಗಿ ಜೋಡಿಕೊಳ್ಳಲು ಸಮಯ ಸಿಗದೆ ಇದ್ದಲ್ಲೇ ಗಟ್ಟಿಯಾಗಿರುತ್ತವೆ. ಹರಳು ಶುರುವಾದರೆ ಚಿಕ್ಕಿ ಮಂಕಾಗಿ, ಬಾಯಲ್ಲಿ ಮರಳು ಮರಳಾಗುತ್ತದೆ. ಇದನ್ನು ತಡೆಯಲು ನಿಂಬೆರಸ. ಹುಳಿಯೊಂದಿಗೆ ಕುದಿದಾಗ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಈ ಬೇರೆ ಆಕಾರದ ಅಣುಗಳು ನಡುವೆ ಸೇರಿಕೊಂಡು ಸಕ್ಕರೆ ಸಾಲುಗಟ್ಟದಂತೆ ಅಡ್ಡ ಬರುತ್ತವೆ. ಬೇಕರಿಯವರು ಹಾಕುವ ಲಿಕ್ವಿಡ್ ಗ್ಲೂಕೋಸ್ ಮಾಡುವುದೂ ಇಂಥದ್ದೇ ಕೆಲಸ. ನಿಂಬೆರಸ ಒಳ್ಳೆಯದು ಅಂತ ಜಾಸ್ತಿ ಹಾಕಬಾರದು. ಫ್ರಕ್ಟೋಸ್ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ಚಿಕ್ಕಿ ಮರುದಿನವೇ ಅಂಟಂಟಾಗುತ್ತದೆ.

ಬೆಂಗಳೂರಿನ ಅಡುಗೆಮನೆಯಲ್ಲಿ ಕಡಲೆಕಾಯಿ ಚಿಕ್ಕಿ ಮಾಡುತ್ತಿದ್ದೇವೆ ಅಂತಿಟ್ಟುಕೊಳ್ಳಿ. ಸಕ್ಕರೆ 250 ಗ್ರಾಂ, ನೀರು 100 ಎಂಎಲ್, ನಿಂಬೆರಸ ನಾಲ್ಕೈದು ಹನಿ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 250 ಗ್ರಾಂ. ಪಾಕ ಇಡುವ ಮುಂಚೆಯೇ ಕಲ್ಲಿಗೆ ಅಥವಾ ತಟ್ಟೆಗೆ, ಲಟ್ಟಣಿಗೆಗೆ, ಚಾಕುವಿಗೆ ತುಪ್ಪ ಸವರಿಡಿ. ಬೀಜವನ್ನು ಪಕ್ಕದ ಒಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೇ ಇಟ್ಟಿರಿ. ತಣ್ಣಗಿನ ಬೀಜ ಬಿದ್ದರೆ ಪಾಕ ತಕ್ಷಣ ಬಿಗಿಯಾಗಿ, ಕಲಸುವಷ್ಟರಲ್ಲಿ ಮುದ್ದೆಯಾಗುತ್ತದೆ.

ಸಕ್ಕರೆ ಕರಗುವವರೆಗೆ ಮಾತ್ರ ಕಲಕಿ. ಕುದಿ ಬಂದ ಮೇಲೆ ಸೌಟು ಹೊರಗೆ. ಅಂಚಿನಲ್ಲಿ ಹರಳು ಕಂಡರೆ ನೀರಲ್ಲಿ ಅದ್ದಿದ ಬ್ರಷ್‌ನಿಂದ ಒರೆಸಿ ಇಳಿಸಿ, ಇಲ್ಲವೇ ಎರಡು ನಿಮಿಷ ಮುಚ್ಚಳ ಮುಚ್ಚಿ. ಒಳಗಿನ ಆವಿಯೇ ಅಂಚನ್ನು ತೊಳೆಯುತ್ತದೆ. ಗುಳ್ಳೆಗಳನ್ನೂ ಗಮನಿಸಿ. ಮೊದಲು ಸಣ್ಣಗೆ ಜೋರಾಗಿ ಏಳುವ ಗುಳ್ಳೆ, ನೀರು ಕಡಿಮೆಯಾದಂತೆ ದೊಡ್ಡದಾಗಿ, ಮಂದವಾಗಿ, ನಿಧಾನವಾಗಿ ಒಡೆಯುತ್ತದೆ. 130 ದಾಟಿದ ಮೇಲೆ ತಣ್ಣೀರಿನ ಪರೀಕ್ಷೆ ಶುರು ಮಾಡಿ. ಎಳೆ ಬಗ್ಗುತ್ತಿದ್ದರೆ ಇನ್ನೂ ಆಗಿಲ್ಲ. ಹಲ್ಲಲ್ಲಿ ಕಚ್ಚಿದಾಗ ಅಂಟಿಕೊಂಡರೂ ಆಗಿಲ್ಲ. ಕಚ್ಚಿದರೆ ಕಟ್ ಅಂತ ಮುರಿಯಬೇಕು.

ಸಮುದ್ರ ಮಟ್ಟದಲ್ಲಿ ನಾನು 149ಕ್ಕೆ ನಿಲ್ಲಿಸು ಅನ್ನುತ್ತೇನೆ, ಬೆಂಗಳೂರಿನಲ್ಲಿ 146ಕ್ಕೆ. ಇದರಲ್ಲಿ ಎತ್ತರದ ಊರಿನವರಿಗೆ ಸಣ್ಣ ಲಾಭವೂ ಇದೆ. ಸಕ್ಕರೆ ಕಂದಾಗುವುದು ನಿಜವಾದ ಬಿಸಿಯನ್ನು ನೋಡಿ, ಉಳಿದ ನೀರನ್ನು ನೋಡಿ ಅಲ್ಲ. ಅದೇ ಗರಿಗರಿ ಮೂರು ಡಿಗ್ರಿ ಕಡಿಮೆ ಬಿಸಿಯಲ್ಲೇ ಸಿಕ್ಕಿದರೆ ಪಾಕ ಅಷ್ಟು ತಿಳಿಯಾಗಿರುತ್ತದೆ. ಗುರಿಗೆ ಎರಡು ಡಿಗ್ರಿ ಮುಂಚೆಯೇ ಒಲೆ ಆರಿಸಿ, ದಪ್ಪ ತಳದ ಪಾತ್ರೆಯ ಬಿಸಿಯೇ ಉಳಿದದ್ದನ್ನು ಏರಿಸುತ್ತದೆ. ಇನ್ನೂ ಏರುವಂತೆ ಕಂಡರೆ ಪಾತ್ರೆಯ ತಳವನ್ನು ತಣ್ಣೀರಿನ ತಟ್ಟೆಯಲ್ಲಿ ಎರಡು ಕ್ಷಣ ಇಟ್ಟು ತೆಗೆಯಿರಿ.

ಈಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಒಮ್ಮೆ ತಿರುವಿದರೆ ಪಾಕ ನೊರೆಯುತ್ತದೆ. ಆ ಸಣ್ಣ ಗುಳ್ಳೆಗಳು ಒಳಗೇ ಸೆರೆಯಾಗಿ ಚಿಕ್ಕಿ ಕಚ್ಚಲು ಹಗುರವಾಗುತ್ತದೆ. ಸೋಡಾದಿಂದ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಗಾಬರಿ ಬೇಡ. ಬೀಜ ಹಾಕಿ ಕಲಸಿ, ಕಲ್ಲಿಗೆ ಸುರಿದು, ಲಟ್ಟಿಸಿ, ಬಿಸಿಯಿದ್ದಾಗಲೇ ಚಾಕುವಿನಿಂದ ಗೆರೆ ಹಾಕಿ. ಗಾಜಾದ ಮೇಲೆ ಗೆರೆ ಹಾಕಲು ಹೋದರೆ ಬೇಕಾದ ಕಡೆ ಬಿಟ್ಟು ಬೇರೆಲ್ಲೋ ಒಡೆಯುತ್ತದೆ.

ಬೆಲ್ಲದ ಚಿಕ್ಕಿಗೆ ಈ ಅಂಕಿಗಳನ್ನು ಹಾಗೇ ಹಚ್ಚಬೇಡಿ. ಬೆಲ್ಲದಲ್ಲಿ ಒಡೆದ ಸಕ್ಕರೆ ಮೊದಲೇ ಒಂದಿಷ್ಟು ಇರುತ್ತದೆ, ಜೊತೆಗೆ ಕಬ್ಬಿನ ಲವಣಗಳು, ತೇವ, ಕಸ. ಪ್ರತಿ ಅಚ್ಚಿನಲ್ಲೂ ಇವುಗಳ ಪ್ರಮಾಣ ಬೇರೆ. ಹರಳಿನ ಕಾಟ ಬೆಲ್ಲದಲ್ಲಿ ಕಡಿಮೆ, ನಿಂಬೆರಸ ಬೇಕಾಗುವುದಿಲ್ಲ. ಆದರೆ ಬೇಗ ಸೀಯುತ್ತದೆ, ಮತ್ತು ಮೊದಲೇ ಕಂದು ಬಣ್ಣ ಇರುವುದರಿಂದ ಸೀದದ್ದು ಕಣ್ಣಿಗೆ ತಿಳಿಯುವುದಿಲ್ಲ. ಮೂಗೇ ಹೇಳಬೇಕು. ಬೆಲ್ಲವನ್ನು ಕರಗಿಸಿ ಸೋಸಿ, ಸಣ್ಣ ಉರಿಯಲ್ಲಿಟ್ಟು, ತಣ್ಣೀರಿನ ಪರೀಕ್ಷೆಯನ್ನೇ ಪದೇ ಪದೇ ಮಾಡಿ. ಬೆಲ್ಲದ ವಿಷಯದಲ್ಲಿ ನನಗೆ ಥರ್ಮಾಮೀಟರಿಗಿಂತ ಬಟ್ಟಲಿನ ಮೇಲೇ ಹೆಚ್ಚು ನಂಬಿಕೆ.

ಚಿಕ್ಕಿ ಮಾಡಿದ ದಿನವೇ ಹಲ್ಲಿಗೆ ಅಂಟಿದರೆ ಪಾಕ 135 ಅಥವಾ 140ರಲ್ಲಿ ನಿಂತಿದೆ, ನೀರು ಉಳಿದಿದೆ. ಅಂದು ಗರಿಗರಿಯಾಗಿದ್ದು ಮೂರು ದಿನ ಬಿಟ್ಟು ಅಂಟಿದರೆ ಪಾಕದ ತಪ್ಪಿಲ್ಲ, ನೀರು ಗಾಳಿಯಿಂದ ವಾಪಸ್ ಬಂದಿದೆ. ನೂರಕ್ಕೆ ಒಂದು ಭಾಗ ನೀರಿರುವ ಸಕ್ಕರೆ ಸಿಕ್ಕ ತೇವವನ್ನೆಲ್ಲ ಹೀರುತ್ತದೆ, ಮೇಲ್ಮೈ ಮತ್ತೆ ಸಾಫ್ಟ್ ಕ್ರ್ಯಾಕಿಗೆ, ಆಮೇಲೆ ಉಂಡೆ ಪಾಕಕ್ಕೆ ಹಿಂದೆ ಹಿಂದೆ ಹೋಗುತ್ತದೆ. ಕರಾವಳಿಯ ಜುಲೈ ತಿಂಗಳಲ್ಲಿ ಇದಕ್ಕೆ ಮೂರು ದಿನವೂ ಬೇಡ. ಪೂರ್ತಿ ಆರಿದ ತಕ್ಷಣ, ತುಂಡುಗಳ ನಡುವೆ ಬಟರ್ ಪೇಪರ್ ಇಟ್ಟು, ಬಿಗಿ ಮುಚ್ಚಳದ ಒಣ ಡಬ್ಬಿಗೆ ಹಾಕಿ. ಬೆಚ್ಚಗಿರುವಾಗಲೇ ಮುಚ್ಚಬೇಡಿ. ಫ್ರಿಜ್ಜಿನಲ್ಲೂ ಇಡಬೇಡಿ, ಹೊರಗೆ ತೆಗೆದಾಗ ತಣ್ಣಗಿನ ಚಿಕ್ಕಿಯ ಮೇಲೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ.